ಹ್ಯಾಂಡಲ್ ಇಲ್ಲದ ಕಬೋರ್ಡ್ ಬಾಗಿಲಿಗೆ ಲ್ಯಾಚ್ ಕೂರಿಸುವ ಕ್ರಮ

ಹ್ಯಾಂಡಲ್ ಇಲ್ಲದ ಕಬೋರ್ಡ್ ಮಾಡಿಸಿದ ಮನೆಗಳಲ್ಲಿ ಕೇಳಿಬರುವ ದೂರು ಹೆಚ್ಚಾಗಿ ಎರಡೇ. ಒತ್ತಿದರೆ ಬಾಗಿಲು ಬೆರಳಗಲ ಹೊರಬಂದು ಮತ್ತೆ ಒಳಗೆ ಹೋಗಿ ಕೂರುತ್ತದೆ. ಇಲ್ಲವೇ ಎಷ್ಟು ಮುಚ್ಚಿದರೂ ನಿಲ್ಲದೆ ಪುಟಿದು ಈಚೆ ಬರುತ್ತದೆ. ಅಂಗಡಿಗೆ ಹೋಗಿ ಲ್ಯಾಚ್ ಬದಲಿಸಿಕೊಂಡು ಬಂದರೂ ಹೊಸದು ಅದನ್ನೇ ಮಾಡುತ್ತದೆ. ತಪ್ಪು ಬಹುಪಾಲು ಲ್ಯಾಚಿನದಲ್ಲ. ಬಾಗಿಲಿಗೆ ಯಾವ ಹಿಂಜ್ ಹಾಕಿದೆ, ಬಾಗಿಲಿನ ಹಿಂಬದಿಗೂ ಬಾಕ್ಸಿನ ಅಂಚಿಗೂ ನಡುವೆ ಎಷ್ಟು ಸಂದು ಬಿಟ್ಟಿದೆ, ಈ ಎರಡರಲ್ಲೇ ತಪ್ಪು ಸಿಗುತ್ತದೆ. ಆದ್ದರಿಂದ ಈ ಲೇಖನ ಲ್ಯಾಚಿಗೆ ಬರುವುದಕ್ಕೆ ಮೊದಲು ಹಿಂಜು, ಸಂದು ಎರಡನ್ನೂ ಸರಿಮಾಡಿಕೊಳ್ಳುತ್ತದೆ.

ಮೂರು ಬಗೆ, ಎರಡು ಕೆಲಸ

ಮ್ಯಾಗ್ನೆಟ್ ಕ್ಯಾಚ್ ಮತ್ತು ರೋಲರ್ ಕ್ಯಾಚ್ ಮಾಡುವುದು ಒಂದೇ ಕೆಲಸ: ಮುಚ್ಚಿದ ಬಾಗಿಲನ್ನು ಹಿಡಿದಿಡುವುದು. ತೆರೆಯಬೇಕೆಂದರೆ ನೀವೇ ಎಳೆಯಬೇಕು. ಎಳೆಯಲು ಬೆರಳು ಸಿಕ್ಕಿಸುವ ಜಾಗ ಬೇಕು. ಬಾಗಿಲಿನ ಮೇಲಂಚನ್ನು ಓರೆಯಾಗಿ ಕೊಯ್ದಿರಬೇಕು, ಅಥವಾ ಅಂಚಿನಲ್ಲಿ ಅರ್ಧಚಂದ್ರಾಕಾರದ ಕಚ್ಚು ತೆಗೆದಿರಬೇಕು, ಅಥವಾ ಬಾಗಿಲು ಬಾಕ್ಸಿಗಿಂತ 20 ಮಿ.ಮೀ. ಕೆಳಗೆ ಇಳಿದಿರಬೇಕು. ಇವು ಯಾವುವೂ ಇಲ್ಲದ, ನಾಲ್ಕೂ ಕಡೆ ಪಕ್ಕದ ಬಾಗಿಲಿಗೆ ಅಂಟಿಕೊಂಡಂತಿರುವ ಚಪ್ಪಟೆ ಬಾಗಿಲಿಗೆ ಮ್ಯಾಗ್ನೆಟ್ ಕ್ಯಾಚ್ ಹಾಕಿದರೆ, ಅದನ್ನು ತೆರೆಯಲು ಚಾಕು ತುರುಕಬೇಕಾಗುತ್ತದೆ.

ಪುಶ್ ಲ್ಯಾಚ್ ಹಿಡಿದಿಡುವುದರ ಜೊತೆಗೆ ಹೊರಗೆ ದಬ್ಬುವ ಕೆಲಸವನ್ನೂ ಮಾಡುತ್ತದೆ. ಒಮ್ಮೆ ಒತ್ತಿದರೆ ಒಳಗಿನ ಸ್ಪ್ರಿಂಗ್ ಬಿಡುಗಡೆಯಾಗಿ ಮೊನೆ ಹೊರಚಾಚುತ್ತದೆ. ಮತ್ತೆ ಒತ್ತಿ ಮುಚ್ಚಿದರೆ ಮೊನೆ ಒಳಸರಿದು ಕಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಇದು ಎರಡು ರೂಪದಲ್ಲಿ ಸಿಗುತ್ತದೆ. ಮೊನೆಯಲ್ಲಿ ಮ್ಯಾಗ್ನೆಟ್ ಇರುವುದು ಒಂದು, ರಬ್ಬರ್ ಅಥವಾ ಪ್ಲಾಸ್ಟಿಕ್ ಟೋಪಿ ಇರುವುದು ಇನ್ನೊಂದು. ನೋಡಲು ಒಂದೇ ಥರ ಇದ್ದರೂ ಇವೆರಡೂ ಬೇರೆ ಬೇರೆ ಹಿಂಜಿಗೆ ಮಾಡಿದವು. ಈ ವ್ಯತ್ಯಾಸ ತಿಳಿಯದೆ ಕೊಂಡರೆ ಮುಂದಿನ ಎಲ್ಲ ಕೆಲಸವೂ ಕೆಡುತ್ತದೆ.

ಮೊದಲು ಹಿಂಜನ್ನು ಪರೀಕ್ಷಿಸಿ

ಬಾಗಿಲನ್ನು ಎರಡು ಬೆರಳಗಲ ತೆರೆದು ಕೈ ಬಿಡಿ. ತಾನಾಗಿ ಫಟ್ಟನೆ ಮುಚ್ಚಿಕೊಂಡರೆ ಅದು ಸ್ಪ್ರಿಂಗ್ ಇರುವ ಆಟೋ ಕ್ಲೋಸ್ ಹಿಂಜ್. ನಿಧಾನವಾಗಿ, ಸದ್ದಿಲ್ಲದೆ ಮುಚ್ಚಿಕೊಂಡರೆ ಸಾಫ್ಟ್ ಕ್ಲೋಸ್. ಬಿಟ್ಟ ಕಡೆಯೇ ನಿಂತರೆ ಸ್ಪ್ರಿಂಗ್ ಇಲ್ಲದ ಹಿಂಜ್. ಹಳೆಯ ಗೋಡೆ ಬೀರುಗಳಲ್ಲಿ ಇರುವ ಮಾಮೂಲಿ ಬಟ್ ಹಿಂಜ್‌ಗೂ ಸ್ಪ್ರಿಂಗ್ ಇರುವುದಿಲ್ಲ.

ಮ್ಯಾಗ್ನೆಟ್ ಮೊನೆಯ ಪುಶ್ ಲ್ಯಾಚ್ ಬೇಕಾಗುವುದು ಸ್ಪ್ರಿಂಗ್ ಇಲ್ಲದ ಹಿಂಜಿಗೆ. ಅಲ್ಲಿ ಬಾಗಿಲನ್ನು ಮುಚ್ಚಿ ಹಿಡಿಯುವ ಬಲ ಬೇರೆ ಯಾವುದೂ ಇಲ್ಲ, ಮ್ಯಾಗ್ನೆಟ್ಟೇ ಹಿಡಿಯಬೇಕು. ಲ್ಯಾಚ್ ದಬ್ಬಿದಾಗ ತಡೆಯುವವರೂ ಇಲ್ಲದ ಕಾರಣ ಬಾಗಿಲು ಸಲೀಸಾಗಿ ಹೊರಬರುತ್ತದೆ.

ರಬ್ಬರ್ ಮೊನೆಯದು ಆಟೋ ಕ್ಲೋಸ್ ಹಿಂಜಿಗೆ. ಇಲ್ಲಿ ಬಾಗಿಲನ್ನು ಮುಚ್ಚಿ ಹಿಡಿಯುವುದು ಹಿಂಜಿನ ಸ್ಪ್ರಿಂಗ್. ಲ್ಯಾಚ್ ಅದರ ವಿರುದ್ಧ ದಬ್ಬಿ ಬಾಗಿಲನ್ನು ಒಂದಿಷ್ಟು ಹೊರಗೆ ತಂದು ಅಲ್ಲೇ ಆನಿಸಿಕೊಂಡು ನಿಲ್ಲಿಸುತ್ತದೆ. ಅಂಚಿಗೆ ಬೆರಳು ಹಾಕಿ ಪೂರ್ತಿ ತೆರೆಯುವುದು ನಿಮ್ಮ ಕೆಲಸ. ಹಿಂಜಿನ ಎಳೆತವನ್ನು ಗೆಲ್ಲಬೇಕಾದ್ದರಿಂದ ಇದರ ಸ್ಪ್ರಿಂಗ್ ಗಟ್ಟಿಯಾಗಿರುತ್ತದೆ.

ಸಾಫ್ಟ್ ಕ್ಲೋಸ್ ಹಿಂಜಿಗೆ ಇವೆರಡರಲ್ಲಿ ಯಾವುದನ್ನೂ ಹಾಕಬೇಡಿ. ಸಾಫ್ಟ್ ಕ್ಲೋಸ್ ಎಂದರೆ ಮುಚ್ಚುವ ಸ್ಪ್ರಿಂಗಿನ ಜೊತೆಗೆ ಅದನ್ನು ನಿಧಾನಗೊಳಿಸುವ ಡ್ಯಾಂಪರ್. ಸ್ಪ್ರಿಂಗ್ ಬಾಗಿಲನ್ನು ಒಳಗೆಳೆದರೆ, ಲ್ಯಾಚ್ ಕಚ್ಚಿಕೊಳ್ಳಬೇಕಾದ ಕೊನೆಯ ಒತ್ತನ್ನು ಡ್ಯಾಂಪರ್ ತಿಂದುಹಾಕುತ್ತದೆ. ಕೆಲವು ಹಿಂಜುಗಳಲ್ಲಿ ಡ್ಯಾಂಪರನ್ನು ನಿಲ್ಲಿಸುವ ಪುಟ್ಟ ಗುಂಡಿ ಇರುತ್ತದೆ. ಅದನ್ನು ಸರಿಸಿದರೆ ಸಾಕು ಎಂದು ನಂಬಿಸುವವರಿದ್ದಾರೆ. ಗುಂಡಿ ಸರಿಸಿದಾಗ ಹೋಗುವುದು ನಿಧಾನ ಮಾತ್ರ, ಎಳೆಯುವ ಸ್ಪ್ರಿಂಗ್ ಹಾಗೆಯೇ ಉಳಿಯುತ್ತದೆ. ಮನೆಯವರಿಗೆ ಸಾಫ್ಟ್ ಕ್ಲೋಸೇ ಬೇಕೆಂದಿದ್ದರೆ ಪುಶ್ ಲ್ಯಾಚಿನ ಆಸೆ ಬಿಟ್ಟು, ಅಂಚಿನಲ್ಲಿ ಬೆರಳಿಗೆ ಜಾಗ ಕೊಯ್ಯಿಸುವುದು ಒಳ್ಳೆಯದು.

ಇದೇ ತರ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ. ಆಟೋ ಕ್ಲೋಸ್ ಅಥವಾ ಸಾಫ್ಟ್ ಕ್ಲೋಸ್ ಹಿಂಜ್ ಇರುವ ಬಾಗಿಲಿಗೆ ಮ್ಯಾಗ್ನೆಟ್ ಕ್ಯಾಚಾಗಲಿ ರೋಲರ್ ಕ್ಯಾಚಾಗಲಿ ಬೇಕೇ ಇಲ್ಲ. ಹಾಕಿಸಿದ್ದರೆ ಅದು ತೆರೆಯುವವರ ಕೈಗೆ ಹೆಚ್ಚಿನ ಭಾರ, ಅಷ್ಟೇ.

ಸಂದಿನ ಲೆಕ್ಕ

ಪುಶ್ ಲ್ಯಾಚ್ ಬಿಡುಗಡೆಯಾಗಬೇಕಾದರೆ ಮುಚ್ಚಿದ ಸ್ಥಿತಿಯಿಂದ ಬಾಗಿಲು ಇನ್ನೂ 2 ಮಿ.ಮೀ.ಯಷ್ಟು ಒಳಗೆ ಹೋಗಬೇಕು. ಬಾಗಿಲು ಬಾಕ್ಸಿನ ಅಂಚಿಗೆ ಅಂಟಿ ಕೂತಿದ್ದರೆ ಎಷ್ಟು ಒತ್ತಿದರೂ ಒಳಗೆ ಹೋಗಲು ದಾರಿಯಿಲ್ಲ. ಆದ್ದರಿಂದ ಬಾಗಿಲಿನ ಹಿಂದೆ 2.5ರಿಂದ 3 ಮಿ.ಮೀ. ಸಂದು ಬಿಡಬೇಕು. ಬಡಗಿಗಳು ಹ್ಯಾಂಡಲ್ ಇರುವ ಬಾಗಿಲಿಗೆ ಬಿಡುವುದು ಇದಕ್ಕಿಂತ ಕಡಿಮೆ. ಮೂಲೆಗೆ ಸದ್ದು ತಡೆಯಲು ಅಂಟಿಸುವ ಪಾರದರ್ಶಕ ರಬ್ಬರ್ ಗುಂಡಿಯೂ ಇದೇ ಜಾಗವನ್ನು ತಿನ್ನುತ್ತದೆ. ಪುಶ್ ಲ್ಯಾಚ್ ಇರುವ ಬಾಗಿಲಿನಿಂದ ಅದನ್ನು ಕಿತ್ತುಬಿಡಿ.

ಅಳೆಯಲು ವಿಶೇಷ ಉಪಕರಣ ಬೇಕಿಲ್ಲ. 1 ಮಿ.ಮೀ. ಮೈಕಾದ ಎರಡು ತುಂಡು ಸೇರಿದರೆ 2 ಮಿ.ಮೀ., ಮೂರು ಸೇರಿದರೆ 3. ಮೈಕಾ ತುಂಡು ಕೈಗೆ ಸಿಗದಿದ್ದರೆ ಎಟಿಎಂ ಕಾರ್ಡ್ ಒಂದರ ದಪ್ಪ ಮುಕ್ಕಾಲು ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಉಬ್ಬು ಅಕ್ಷರ ಇಲ್ಲದ ಮೂರು ಕಾರ್ಡ್ ಜೋಡಿಸಿದರೆ 2.3 ಮಿ.ಮೀ. ಆಗುತ್ತದೆ. ಅವು ಸಂದಿನಲ್ಲಿ ಸ್ವಲ್ಪ ಸಡಿಲವಾಗಿ ಓಡಾಡಿದರೆ ನಿಮಗೆ ಬೇಕಾದ ಸಂದು ಇದೆ ಎಂದರ್ಥ. ಒಂದೇ ಜಾಗದಲ್ಲಿ ನೋಡಿ ನಿಲ್ಲಿಸಬೇಡಿ. ಬಾಗಿಲಿನ ನಾಲ್ಕೂ ಮೂಲೆಯಲ್ಲಿ ಓಡಿಸಿ ನೋಡಿ.

ಸಂದು ಹೊಂದಿಸುವುದು ಹಿಂಜಿನ ಮೇಲಿರುವ ಎರಡು ಸ್ಕ್ರೂಗಳಿಂದ. ಬಾಗಿಲಿಗೆ ಹತ್ತಿರವಿರುವ ಸ್ಕ್ರೂ ಬಾಗಿಲನ್ನು ಎಡಬಲಕ್ಕೆ ಸರಿಸುತ್ತದೆ. ಬಾಕ್ಸಿನ ಒಳಭಾಗಕ್ಕೆ, ಹಿಂದೆ ಇರುವ ಸ್ಕ್ರೂ ಬಾಗಿಲನ್ನು ಹಿಂದೆ ಮುಂದೆ ಸರಿಸುತ್ತದೆ. ನಮಗೆ ಬೇಕಾದದ್ದು ಈ ಎರಡನೆಯದು. ಅದು ಕೊಡುವ ಅವಕಾಶ ಸುಮಾರು 2 ಮಿ.ಮೀ. ಮಾತ್ರ. ಅಷ್ಟರಲ್ಲಿ ಸಂದು ಬರದಿದ್ದರೆ ಹಿಂಜಿನ ಪ್ಲೇಟನ್ನೇ ಬಿಚ್ಚಿ ಮುಂದಕ್ಕೆ ಹಾಕಬೇಕು.

ಒಂದು ಕಬೋರ್ಡ್, ಮೊದಲಿನಿಂದ ಕೊನೆಯವರೆಗೆ

ಸಕಲೇಶಪುರದ ಮನೆಯೊಂದರ ಊಟದ ಕೋಣೆಯಲ್ಲಿ ಗೋಡೆಗೆ ಹಾಕಿದ ಪಾತ್ರೆ ಕಬೋರ್ಡ್ ಎಂದುಕೊಳ್ಳಿ. ಬಾಕ್ಸಿನ ಅಗಲ 900 ಮಿ.ಮೀ., ಎರಡು ಬಾಗಿಲು, ನಡುವೆ ಗೂಟವಿಲ್ಲ. ಪ್ರತಿ ಬಾಗಿಲು 447 ಅಗಲ, 720 ಎತ್ತರ. ನಡುವೆ 3 ಮಿ.ಮೀ., ಎರಡು ಹೊರಬದಿಗೆ ಒಂದೂವರೆ ಒಂದೂವರೆ ಬಿಟ್ಟರೆ 900 ಸರಿಹೋಗುತ್ತದೆ. 18 ಮಿ.ಮೀ. ಪ್ಲೈವುಡ್ಡಿಗೆ ಹೊರಗೆ 1 ಮಿ.ಮೀ. ಮೈಕಾ, ಒಳಗೆ 0.8 ಮಿ.ಮೀ. ಲೈನರ್ ಅಂಟಿಸಿದೆ. ಬಾಗಿಲೊಂದರ ತೂಕ ನಾಲ್ಕೂವರೆ ಕಿಲೋ ಹತ್ತಿರ ಬರುತ್ತದೆ. ಸಾಫ್ಟ್ ಕ್ಲೋಸ್ ಹಿಂಜ್ ಹಾಕಿ, ಮ್ಯಾಗ್ನೆಟ್ ಮೊನೆಯ ಪುಶ್ ಲ್ಯಾಚ್ ಕೂರಿಸಿದ್ದಾರೆ. ಒತ್ತಿದರೆ ಬಾಗಿಲು ಹೊರಬಂದು, ಹಿಡಿಯುವಷ್ಟರಲ್ಲಿ ಹಿಂದೆ ಹೋಗುತ್ತದೆ. ಇದನ್ನು ಸರಿಪಡಿಸುವ ಕ್ರಮ ಹೀಗೆ.

1. ಹಿಂಜ್ ಬದಲಿಸುವುದು. ಬಾಗಿಲೊಂದಕ್ಕೆ ಎರಡರಂತೆ ನಾಲ್ಕು ಹಿಂಜ್ ಬೇಕು. ಬಾಗಿಲು ಬಾಕ್ಸಿನ ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವುದರಿಂದ ಕೇಳಬೇಕಾದದ್ದು ಝೀರೋ ಕ್ರ್ಯಾಂಕ್, ಅಂದರೆ ತೋಳು ಬಾಗಿರದ, ಸ್ಪ್ರಿಂಗ್ ಇಲ್ಲದ ಹಿಂಜ್. ಎರಡು ಬಾಗಿಲು ಒಂದೇ ನಡುಗೂಟವನ್ನು ಹಂಚಿಕೊಂಡಿದ್ದರೆ ಅಲ್ಲಿ 8 ಕ್ರ್ಯಾಂಕ್, ಬಾಗಿಲು ಬಾಕ್ಸಿನ ಒಳಗೆ ಕೂರುವಂತಿದ್ದರೆ 16 ಕ್ರ್ಯಾಂಕ್. ಅಂಗಡಿಯಲ್ಲೇ ಹಿಂಜನ್ನು ಕೈಯಲ್ಲಿ ಮಡಚಿ ನೋಡಿ. ಕೊನೆಯಲ್ಲಿ ತಾನಾಗಿ ಮಡಚಿಕೊಂಡರೆ ಅದು ಸ್ಪ್ರಿಂಗಿನದು, ಹಿಂದಿರುಗಿಸಿ. ಹಿಂಜಿನ ಬಟ್ಟಲು ಬಾಗಿಲಿನಲ್ಲಿ ಹುದುಗುವ ತೂತು ಸಾಮಾನ್ಯವಾಗಿ 35 ಮಿ.ಮೀ. ಇರುವುದರಿಂದ ಹಳೆಯ ತೂತು ಹೊಂದುತ್ತದೆ. ಆದರೆ ಬಟ್ಟಲಿನ ಎರಡು ಪಕ್ಕದ ಸ್ಕ್ರೂಗಳ ಅಂತರ ಕಂಪನಿಯಿಂದ ಕಂಪನಿಗೆ ಬೇರೆ. 45, 48, 52 ಮೂರೂ ಚಾಲ್ತಿಯಲ್ಲಿವೆ. ಹಳೆಯ ಹಿಂಜ್ ಒಂದನ್ನು ಬಿಚ್ಚಿ ಜೊತೆಗೆ ಒಯ್ದರೆ ತೊಂದರೆ ತಪ್ಪುತ್ತದೆ. ಅಂತರ ಹೊಂದದಿದ್ದರೆ ಹಳೆಯ ತೂತಿಗೆ ಅಂಟು ಸವರಿದ ಮರದ ಚಕ್ಕೆ ಬಡಿದು, ಒಂದು ರಾತ್ರಿ ಒಣಗಿಸಿ, ಹೊಸ ಜಾಗದಲ್ಲಿ ಸ್ಕ್ರೂ ಹಾಕಬೇಕು. ಬಾಕ್ಸಿಗೆ ಹಾಕುವ ಪ್ಲೇಟೂ ಹಿಂಜಿನ ಜೊತೆಗೇ ಬದಲಾಗಲಿ. ಒಂದು ಕಂಪನಿಯ ಹಿಂಜ್ ಇನ್ನೊಂದು ಕಂಪನಿಯ ಪ್ಲೇಟಿಗೆ ಕೂತರೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಸ್ಪ್ರಿಂಗ್ ಇಲ್ಲದ ಹಿಂಜನ್ನು ಚಿಕ್ಕ ಊರಿನ ಅಂಗಡಿಯವರು ಇಟ್ಟಿರದೆ ಇರಬಹುದು. ಹಾಸನದಿಂದ ತರಿಸಬೇಕಾಗಿ ಬಂದು ಅಷ್ಟು ಕಾಯಲು ಆಗದಿದ್ದರೆ ಇನ್ನೊಂದು ದಾರಿಯಿದೆ. ಮಾಮೂಲಿ ಆಟೋ ಕ್ಲೋಸ್ ಹಿಂಜ್ ಹಾಕಿ, ಲ್ಯಾಚನ್ನು ರಬ್ಬರ್ ಮೊನೆಯದಕ್ಕೆ ಬದಲಿಸಿ. ಕೆಲಸ ನಡೆಯುತ್ತದೆ. ಒತ್ತಲು ಹೆಚ್ಚು ಬಲ ಬೇಕಾಗುತ್ತದೆ ಎಂಬುದೇ ವ್ಯತ್ಯಾಸ. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಎರಡನೆಯ ದಾರಿ ಬೇಡ.

2. ಸಂದು ಹೊಂದಿಸುವುದು. ಹಿಂಜ್ ಹಾಕಿದ ಮೇಲೆ, ಲ್ಯಾಚ್ ಇನ್ನೂ ಕೂರಿಸದೆ, ಹಿಂದಿನ ಸ್ಕ್ರೂ ಸಡಿಲಿಸಿ ಬಾಗಿಲನ್ನು ಹಿಂದೆ ಮುಂದೆ ಮಾಡಿ. ಹಿಂಜ್ ಇರುವ ಬದಿಯಲ್ಲಿ ಮೇಲೂ ಕೆಳಗೂ ಎರಡೂವರೆ ಮಿ.ಮೀ. ಬರಬೇಕು. ಮೈಕಾ ತುಂಡುಗಳನ್ನು ಸಂದಿಗೆ ಇಟ್ಟು, ಬಾಗಿಲನ್ನು ಅದರ ಮೇಲೆ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿದರೆ ಅಳತೆ ತಪ್ಪುವುದಿಲ್ಲ. ಆಮೇಲೆ ಮುಂದಿನ ಸ್ಕ್ರೂನಿಂದ ಎರಡು ಬಾಗಿಲ ನಡುವಿನ 3 ಮಿ.ಮೀ. ಸರಿಮಾಡಿ.

3. ಲ್ಯಾಚಿನ ಜಾಗ ಗುರುತಿಸುವುದು. ಲ್ಯಾಚ್ ಇರಬೇಕಾದದ್ದು ಕೈ ಹೋಗಿ ಒತ್ತುವ ಜಾಗದ ಹತ್ತಿರ. ಗೋಡೆ ಕಬೋರ್ಡನ್ನು ಎಲ್ಲರೂ ಕೆಳಮೂಲೆಯಲ್ಲಿ ಒತ್ತುತ್ತಾರೆ, ಆದ್ದರಿಂದ ಲ್ಯಾಚ್ ಕೆಳಗಿನ ಹಲಗೆಯ ಮೇಲೆ ಕೂರಲಿ. ಅಡುಗೆಕಟ್ಟೆಯ ಕೆಳಗಿನ ಕಬೋರ್ಡ್ ಆಗಿದ್ದರೆ ಮೇಲಿನ ಪಟ್ಟಿಯ ಅಡಿಗೆ. ಅಗಲದಲ್ಲಿ, ಬಾಗಿಲು ತೆರೆಯುವ ಅಂಚಿನಿಂದ 30ರಿಂದ 40 ಮಿ.ಮೀ. ಒಳಗೆ. ಈ ಕಬೋರ್ಡಿನಲ್ಲಿ ನಡುಗೂಟವಿಲ್ಲದ್ದರಿಂದ ಎರಡು ಲ್ಯಾಚುಗಳು ಕೆಳಹಲಗೆಯ ನಡುವೆ ಅಕ್ಕಪಕ್ಕ ಬರುತ್ತವೆ. ಎರಡು ಬಾಗಿಲಿಗೆ ಒಂದೇ ಲ್ಯಾಚ್ ಸಾಲದು.

ಅಂಚಿನ ಹತ್ತಿರವೇ ಏಕೆ ಎಂದರೆ, ಬಾಗಿಲಿನ ಅರ್ಧ ಅಗಲದಲ್ಲಿ ಲ್ಯಾಚ್ ಕೂರಿಸಿದರೆ ಲ್ಯಾಚ್ 2 ಮಿ.ಮೀ. ಒಳಸರಿಯಲು ನಿಮ್ಮ ಕೈ ಇರುವ ಅಂಚು 4 ಮಿ.ಮೀ. ಒಳಗೆ ಹೋಗಬೇಕು. ನೀವು ಬಿಟ್ಟಿರುವ ಸಂದು ಎರಡೂವರೆ. ಬಾಗಿಲು ಬಾಕ್ಸಿಗೆ ತಾಕಿ ನಿಲ್ಲುತ್ತದೆ, ಲ್ಯಾಚ್ ಬಿಡುವುದಿಲ್ಲ. ಮ್ಯಾಗ್ನೆಟ್ಟಿನ ಹಿಡಿತವೂ ಅಂಚಿನಲ್ಲಿ ಅರ್ಧಕ್ಕೆ ಇಳಿಯುತ್ತದೆ.

4. ಲ್ಯಾಚ್ ಕೂರಿಸುವುದು. ಹಲಗೆಯ ಅಂಚಿಗೆ 10 ಮಿ.ಮೀ. ತೂತು ಕೊರೆದು ಒಳಗೆ ಹುದುಗಿಸುವ ಲ್ಯಾಚುಗಳಿವೆ, ಪ್ಲಾಸ್ಟಿಕ್ ಕವಚದ ಸಮೇತ ಎರಡು ಸ್ಕ್ರೂನಿಂದ ಹಲಗೆಯ ಮೇಲೆ ಬಿಗಿಯುವ ಲ್ಯಾಚುಗಳೂ ಇವೆ. ಪ್ಲೈವುಡ್ ಬಾಕ್ಸಿಗೆ ಎರಡನೆಯದೇ ವಾಸಿ. 18 ಮಿ.ಮೀ. ಅಂಚಿನಲ್ಲಿ 10 ಮಿ.ಮೀ. ತೂತು ಕೊರೆದರೆ ಮೇಲೆ ಕೆಳಗೆ ಉಳಿಯುವುದು 4 ಮಿ.ಮೀ. ಮಾತ್ರ. ಡ್ರಿಲ್ ಚೂರು ಓರೆಯಾದರೂ ಪದರ ಬಿಟ್ಟುಕೊಳ್ಳುತ್ತದೆ. ಕವಚದ ಲ್ಯಾಚನ್ನು ಹಲಗೆಯ ಮುಂದಿನ ಅಂಚಿಗೆ ಸಮನಾಗಿ, ಅಂಚಿಗೆ ನೇರ ಕೋನದಲ್ಲಿ ಇಟ್ಟು ಬಿಗಿಯಿರಿ. ಅಡ್ಡಾದಿಡ್ಡಿಯಾದರೆ, ಮ್ಯಾಗ್ನೆಟ್ ಹಿಡಿಯಲೆಂದು ಬಾಗಿಲಿನ ಹಿಂಬದಿಗೆ ಹಾಕುವ ಪ್ಲೇಟಿನ ಮೇಲೆ ಮೊನೆ ಜಾರುತ್ತದೆ.

5. ಪ್ಲೇಟಿನ ಗುರುತು. ಕುಂಕುಮಕ್ಕೆ ಒಂದು ಹನಿ ಎಣ್ಣೆ ಕಲಸಿ ಮೊನೆಗೆ ಹಚ್ಚಿ, ಬಾಗಿಲನ್ನು ಮೆಲ್ಲಗೆ ಮುಚ್ಚಿ ತೆರೆಯಿರಿ. ಮೊನೆ ಎಲ್ಲಿ ತಾಕುತ್ತದೋ ಅಲ್ಲಿ ಕೆಂಪು ಚುಕ್ಕೆ ಬೀಳುತ್ತದೆ. ಲೈನರ್ ಮೇಲಿಂದ ಒರೆಸಿದರೆ ಹೋಗುತ್ತದೆ. ಬರಿಯ ಮರವಾದರೆ ಕಲೆ ಉಳಿಯುವುದರಿಂದ ಸೀಮೆಸುಣ್ಣ ಬಳಸಿ. ಚುಕ್ಕೆಯ ಮೇಲೆ ಪ್ಲೇಟಿನ ನಡು ಬರಬೇಕು. ಅಂಟಿನ ಪ್ಲೇಟ್ ಕೊಟ್ಟಿದ್ದರೂ ಸ್ಕ್ರೂ ಹಾಕುವಂಥದ್ದನ್ನೇ ಕೇಳಿ ತನ್ನಿ. ಮಲೆನಾಡಿನ ಮಳೆಗಾಲದಲ್ಲಿ ಅಂಟು ಬಿಟ್ಟು ಪ್ಲೇಟ್ ಮ್ಯಾಗ್ನೆಟ್ಟಿಗೆ ಕಚ್ಚಿಕೊಂಡು ಉಳಿಯುತ್ತದೆ, ಬಾಗಿಲು ಬೇರೆಯಾಗಿ ತೆರೆದುಕೊಳ್ಳುತ್ತದೆ. ಸ್ಕ್ರೂ 13 ಮಿ.ಮೀ. ಉದ್ದದ್ದು ಸಾಕು. 19 ಮಿ.ಮೀ. ಸ್ಕ್ರೂ ಹಾಕಿದರೆ ತುದಿ ಹೊರಮೈ ಮೈಕಾವನ್ನು ಎತ್ತುವ ಅಪಾಯವಿದೆ.

6. ಮೊನೆ ಹೊಂದಿಸುವುದು. ಇಲ್ಲಿಯೇ ಹೆಚ್ಚಿನವರು ಎಡವುವುದು. ಹಿಂಜ್ ಇರುವ ಬದಿಯಲ್ಲಿ ಸಂದನ್ನು ನಿರ್ಧರಿಸುವುದು ಹಿಂಜ್. ತೆರೆಯುವ ಬದಿಯಲ್ಲಿ ಅದನ್ನು ನಿರ್ಧರಿಸುವುದು ಲ್ಯಾಚಿನ ಮೊನೆ, ಏಕೆಂದರೆ ಬಾಗಿಲು ಆನಿಸಿಕೊಂಡಿರುವುದು ಅದರ ಮೇಲೆ. ಎರಡೂ ಒಂದೇ ಅಳತೆ ಹೇಳಬೇಕು. ಮೊನೆಯನ್ನು ತಿರುಗಿಸಿದರೆ ಅದು ಹೊರಗೆ ಅಥವಾ ಒಳಗೆ ಕೆಲವು ಮಿ.ಮೀ. ಸರಿಯುತ್ತದೆ. ಬಾಗಿಲು ಮುಚ್ಚಿ, ಕೆಳಮೂಲೆಯಲ್ಲಿ ಮೈಕಾ ತುಂಡು ಓಡಿಸಿ ನೋಡಿ, ಕಾಲು ಸುತ್ತು ತಿರುಗಿಸಿ, ಮತ್ತೆ ನೋಡಿ. ನಾಲ್ಕು ಮೂಲೆಯಲ್ಲೂ ಎರಡೂವರೆ ಬಂದಾಗ ನಿಲ್ಲಿಸಿ. ಪಕ್ಕದ ಬಾಗಿಲಿನ ಮುಖಕ್ಕೆ ಕೈಯಾಡಿಸಿದರೆ ಎರಡೂ ಒಂದೇ ಮಟ್ಟದಲ್ಲಿರಬೇಕು.

7. ಪರೀಕ್ಷೆ. ಒಂದೇ ಬೆರಳಿನಲ್ಲಿ ಕೆಳಮೂಲೆ ಒತ್ತಿ, ನಂತರ ಒಂದು ಗೇಣು ಮೇಲೆ, ನಂತರ ಅರ್ಧ ಎತ್ತರದಲ್ಲಿ. ಮೂರರಲ್ಲೂ ತೆರೆದರೆ ಕೆಲಸ ಸರಿಯಾಗಿದೆ. ಮುಚ್ಚುವಾಗ ದೂಡಿ ಬಿಡಬಾರದು. ಟಕ್ಕೆನ್ನುವವರೆಗೆ ಒತ್ತಿ ಕೈ ತೆಗೆಯಬೇಕು. ಈ ಅಭ್ಯಾಸವನ್ನು ಮನೆಯವರೆಲ್ಲರಿಗೂ ಒಮ್ಮೆ ತೋರಿಸಿ. ಜೋರಾಗಿ ದೂಡಿದ ಬಾಗಿಲು ಮೊನೆಯನ್ನು ಒಳಗೆ ತಳ್ಳಿ, ಅದೇ ವೇಗದಲ್ಲಿ ಮತ್ತೆ ಬಿಡುಗಡೆ ಮಾಡಿಕೊಂಡು ಪುಟಿಯುತ್ತದೆ.

ಲಕ್ಷಣ ನೋಡಿ ಕಾರಣ ಹಿಡಿಯುವುದು

ಒತ್ತಿದರೆ ಏನೂ ಆಗದಿದ್ದರೆ ಬಾಗಿಲು ಎಲ್ಲೋ ಬಾಕ್ಸಿಗೆ ತಾಕುತ್ತಿದೆ. ಸಂದಿನಲ್ಲಿ ಒಂದು ತೆಳು ಕಾಗದದ ಪಟ್ಟಿ ಇಟ್ಟು ಬಾಗಿಲನ್ನು ಒತ್ತಿ ಹಿಡಿದು ಎಳೆಯಿರಿ. ಕಾಗದ ಎಲ್ಲಿ ಸಿಕ್ಕಿಕೊಳ್ಳುತ್ತದೋ ತಾಕುವುದು ಅಲ್ಲೇ.

ಟಕ್ಕೆಂದು ಸದ್ದಾಗಿಯೂ ಬಾಗಿಲು ನಿಲ್ಲದಿದ್ದರೆ ಮೊನೆ ಕಚ್ಚಿದೆ, ಮ್ಯಾಗ್ನೆಟ್ ಪ್ಲೇಟನ್ನು ಹಿಡಿಯುತ್ತಿಲ್ಲ. ಪ್ಲೇಟ್ ಸರಿದಿರಬಹುದು, ಅದರ ಮೇಲೆ ಪಾಲಿಶ್ ಅಥವಾ ಬಣ್ಣ ಬಿದ್ದಿರಬಹುದು. ತುಕ್ಕು ಹಿಡಿಯಬಾರದೆಂದು ಮಾಮೂಲಿ ಸ್ಟೇನ್‌ಲೆಸ್ ಸ್ಟೀಲ್ ತುಂಡು ಹಾಕಿಕೊಂಡವರಿಗೂ ಇದೇ ಗತಿ. ಪಾತ್ರೆಗೆ ಬಳಸುವ 304 ಸ್ಟೀಲನ್ನು ಮ್ಯಾಗ್ನೆಟ್ ಎಳೆಯುವುದಿಲ್ಲ ಎನ್ನಬಹುದು.

ಕೆಳಗೆ ಸರಿಯಾಗಿ ಕೂತು ಮೇಲಿನ ಮೂಲೆ ಮಾತ್ರ ಎದ್ದು ನಿಂತರೆ ಬಾಗಿಲೇ ಬಾಗಿದೆ. ಪ್ಲೈವುಡ್ಡಿನ ಹೊರಗೆ ಮಾತ್ರ ಮೈಕಾ ಅಂಟಿಸಿ ಒಳಗೆ ಲೈನರ್ ಹಾಕದೆ ಬಣ್ಣ ಹೊಡೆದಿದ್ದರೆ ಇದು ಬಂದೇ ಬರುತ್ತದೆ. ಒಂದು ಮೈ ತೇವ ಹೀರುತ್ತದೆ, ಇನ್ನೊಂದು ಹೀರುವುದಿಲ್ಲ. ಲ್ಯಾಚಿನಿಂದ ಇದನ್ನು ಸರಿಪಡಿಸಲು ಆಗದು. ಮೇಲೆ ಇನ್ನೊಂದು ಪುಶ್ ಲ್ಯಾಚ್ ಹಾಕುವ ಯೋಚನೆ ಬೇಡ. ಎರಡು ಲ್ಯಾಚ್ ಒಟ್ಟಿಗೆ ಬಿಡುಗಡೆಯಾಗಬೇಕು, ಒಂದು ಬಿಟ್ಟು ಒಂದು ಹಿಡಿದುಕೊಂಡರೆ ಬಾಗಿಲು ತಿರುಚಿಕೊಳ್ಳುತ್ತದೆ. ಮೇಲೆ ಮ್ಯಾಗ್ನೆಟ್ ಕ್ಯಾಚ್ ಹಾಕಿದರೆ ಅದು ಲ್ಯಾಚಿನ ದಬ್ಬುವಿಕೆಗೇ ಎದುರು ನಿಲ್ಲುತ್ತದೆ. ಆಳೆತ್ತರದ ವಾರ್ಡ್‌ರೋಬ್ ಬಾಗಿಲಿಗೆ ಒಂದೇ ಲ್ಯಾಚ್ ಇರಲಿ, ಆದರೆ ಮೊನೆ ಹೆಚ್ಚು ದೂರ ಚಾಚುವ ಉದ್ದ ಮಾದರಿ ಇರಲಿ. ನೆಲದಿಂದ 1 ಮೀಟರ್ ಆಸುಪಾಸಿನಲ್ಲಿ, ಕೈ ಸಹಜವಾಗಿ ಬೀಳುವ ಎತ್ತರದಲ್ಲಿ ಪಕ್ಕದ ಹಲಗೆಗೆ ಅದನ್ನು ಕೂರಿಸಿ.

ಬಾಗಿಲು ಬಾಗಿದಾಗ ರೋಲರ್ ಕ್ಯಾಚಿನ ಬೆಲೆ

ಬಾಗಿದ ಬಾಗಿಲಿಗೆ ಪುಶ್ ಲ್ಯಾಚ್ ಒಗ್ಗದು, ಮ್ಯಾಗ್ನೆಟ್ ಕ್ಯಾಚೂ ಅಷ್ಟಕ್ಕಷ್ಟೇ. ಮ್ಯಾಗ್ನೆಟ್ಟಿನ ಹಿಡಿತ ಪ್ಲೇಟಿಗೆ ಪೂರ್ತಿ ತಾಕಿದಾಗ ಮಾತ್ರ ಪೊಟ್ಟಣದ ಮೇಲೆ ಬರೆದಷ್ಟು ಇರುತ್ತದೆ. 1 ಮಿ.ಮೀ. ದೂರವಾದರೆ ಹಿಡಿತ ಥಟ್ಟನೆ ಕುಸಿಯುತ್ತದೆ. ರೋಲರ್ ಕ್ಯಾಚ್ ಹಾಗಲ್ಲ. ಬಾಗಿಲಿನಲ್ಲಿರುವ ಬಾಣದ ಮೊನೆಯಂಥ ತುಂಡು ಎರಡು ಉರುಳೆಗಳ ನಡುವೆ ನುಗ್ಗುತ್ತದೆ. ಅಗಲವಾದ ಭಾಗ ದಾಟಿ ಕುತ್ತಿಗೆ ಬಂದಾಗ ಸ್ಪ್ರಿಂಗಿನ ಒತ್ತಡದ ಉರುಳೆಗಳು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಒಂದೆರಡು ಮಿ.ಮೀ. ಎದ್ದ ಮೂಲೆಯನ್ನು ಅದು ಎಳೆದು ಕೂರಿಸಬಲ್ಲದು.

ಹಾಸನ, ಚಿಕ್ಕಮಗಳೂರು ಕಡೆಯ ಹಳೆಯ ಮನೆಗಳ ಗೋಡೆ ಬೀರುಗಳಿಗೆ ನಮ್ಮ ಆಯ್ಕೆ ಇದೇ. ತೋಟದ ಸಿಲ್ವರ್ ಓಕ್ ಅಥವಾ ಹಲಸಿನ ಹಲಗೆಯ ಬಾಗಿಲು, ಬಟ್ ಹಿಂಜ್, ಬಾಗಿಲು ಚೌಕಟ್ಟಿನ ಒಳಗೆ ಕೂತಿರುತ್ತದೆ. ಹ್ಯಾಂಡಲ್ ತೆಗೆಸಬೇಕೆಂದರೆ ಬಾಗಿಲಿನ ಅಂಚಿನಲ್ಲಿ 80 ಮಿ.ಮೀ. ಉದ್ದದ ಬೆರಳು ಕಚ್ಚು ತೆಗೆಸಿ, ಒಳಗೆ ರೋಲರ್ ಕ್ಯಾಚ್ ಹಾಕಿಸಿ. ಮೊದಲು ಬಾಣದ ತುಂಡನ್ನು ಕ್ಯಾಚಿನೊಳಗೆ ಸಿಕ್ಕಿಸಿ, ಎರಡನ್ನೂ ಜೋಡಿಯಾಗಿಯೇ ಮೇಲಿನ ಹಲಗೆಯ ಅಡಿಗೆ ಹಿಡಿದು, ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ ಗುರುತು ಹಾಕಿಕೊಳ್ಳಿ. ಉದ್ದನೆಯ ಸೀಳು ತೂತಿನ ನಡುವೆ ಸ್ಕ್ರೂ ಹಾಕಿ ಅರ್ಧ ಬಿಗಿ ಮಾಡಿ, ನಾಲ್ಕೈದು ಸಲ ತೆರೆದು ಮುಚ್ಚಿ, ತುಂಡು ತಾನೇ ದಾರಿ ಮಾಡಿಕೊಂಡ ಮೇಲೆ ಪೂರ್ತಿ ಬಿಗಿಯಿರಿ. ಹಿಡಿತ ಹೆಚ್ಚಾದರೆ ಉರುಳೆಯ ಪಕ್ಕದ ಸ್ಕ್ರೂಗಳನ್ನು ಎರಡೂ ಕಡೆ ಸಮನಾಗಿ ಸಡಿಲಿಸಿ.

ರೋಲರ್ ಕ್ಯಾಚಿಗೆ ಇರುವ ಶತ್ರು ಬಾಗಿಲು ಜೋಲುವುದು. ಮೇಲಿನ ಹಿಂಜಿನ ಸ್ಕ್ರೂ ಸಡಿಲಾಗಿ ತೆರೆಯುವ ಅಂಚು ಒಂದೆರಡು ಮಿ.ಮೀ. ಇಳಿದರೂ ಬಾಣದ ತುಂಡು ನಡುವೆ ನುಗ್ಗದೆ ಒಂದು ಉರುಳೆಯ ಮೇಲೆ ಬಡಿಯುತ್ತದೆ. ಕ್ಯಾಚ್ ಸರಿಸಿ ಹಾಕುವ ಮೊದಲು ಆ ಹಿಂಜಿನ ಸ್ಕ್ರೂ ನೋಡಿ. ಮ್ಯಾಗ್ನೆಟ್ ಕ್ಯಾಚ್ ಈ ವಿಷಯದಲ್ಲಿ ಹೆಚ್ಚು ಸಹಿಸಿಕೊಳ್ಳುತ್ತದೆ, ಪ್ಲೇಟ್ ಕೊಂಚ ಮೇಲೆ ಕೆಳಗೆ ಆದರೂ ಹಿಡಿಯುತ್ತದೆ. ಹಗುರವಾದ, ನೆಟ್ಟಗಿರುವ, ಬೆರಳು ಹಾಕಲು ಜಾಗವಿರುವ ಬಾಗಿಲಿಗೆ ಅದು ಸಾಕು. ಪ್ಲೇಟನ್ನು ಒಂದೇ ಸ್ಕ್ರೂನಿಂದ, ಸ್ವಲ್ಪ ಅಲ್ಲಾಡುವಷ್ಟು ಸಡಿಲ ಬಿಟ್ಟು ಕೂರಿಸಿ. ಮುಚ್ಚಿದಾಗ ಅದು ತಾನೇ ಓಲಿ ಮ್ಯಾಗ್ನೆಟ್ಟಿಗೆ ಚಪ್ಪಟೆಯಾಗಿ ಅಂಟುತ್ತದೆ.

ಮಳೆಗಾಲದ ಅಳತೆ

ಒಂದೇ ಹಾಸನ ಜಿಲ್ಲೆಯಲ್ಲಿ ಅರಸೀಕೆರೆಯ ಒಣಹವೆಯೂ ಸಕಲೇಶಪುರದ ಮಳೆಯೂ ಇವೆ. ಚಿಕ್ಕಮಗಳೂರಿನಲ್ಲಿ ಕಡೂರು ಒಂದು ಕಡೆ, ಮೂಡಿಗೆರೆ ಶೃಂಗೇರಿ ಇನ್ನೊಂದು ಕಡೆ. ಒಣ ಊರಿನ ವರ್ಕ್‌ಶಾಪಿನಲ್ಲಿ ಮಾರ್ಚ್‌ನಲ್ಲಿ ಮಾಡಿದ ಹಲಗೆ ಬಾಗಿಲು ಘಟ್ಟದ ಅಂಚಿನ ಮನೆಯಲ್ಲಿ ಜುಲೈನಲ್ಲಿ ಅದೇ ಅಳತೆಯಲ್ಲಿ ಇರುವುದಿಲ್ಲ. ಮರ ಊದುವುದು ಎಳೆಯ ಉದ್ದಕ್ಕಲ್ಲ, ಅಡ್ಡಕ್ಕೆ. 450 ಮಿ.ಮೀ. ಅಗಲದ ಹಲಗೆ ಬಾಗಿಲು 3ರಿಂದ 4 ಮಿ.ಮೀ. ಊದಬಹುದು. ಎರಡೂ ಬಾಗಿಲು ಊದುವುದರಿಂದ, ಬೇಸಗೆಯಲ್ಲಿ ಕೂರಿಸುವ ಹಲಗೆ ಬಾಗಿಲುಗಳ ನಡುವೆ 3ರ ಬದಲು 8 ಮಿ.ಮೀ. ಬಿಡಿ. ನೋಡಲು ಸಂದು ದೊಡ್ಡದೆನಿಸಿದರೂ ಆಷಾಢದಲ್ಲಿ ಒಂದು ಬಾಗಿಲು ಇನ್ನೊಂದನ್ನು ಒತ್ತಿ ಹಿಡಿಯುವುದು ತಪ್ಪುತ್ತದೆ. ಒತ್ತಿ ಹಿಡಿದ ಬಾಗಿಲನ್ನು ಯಾವ ಪುಶ್ ಲ್ಯಾಚೂ ದಬ್ಬಲಾರದು. ಪ್ಲೈವುಡ್ ಇಷ್ಟು ಊದುವುದಿಲ್ಲ, ಅದಕ್ಕೆ 3 ಸಾಕು.

ಮಳೆ ಹಿಡಿದು ಒಂದು ತಿಂಗಳಾದ ಮೇಲೆ ಕಾರ್ಡುಗಳನ್ನು ಮತ್ತೊಮ್ಮೆ ನಾಲ್ಕೂ ಮೂಲೆಯಲ್ಲಿ ಓಡಿಸಿ. ಹಿಂದಿನ ಸಂದು 2 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಮೊನೆಯನ್ನು ಕಾಲು ಸುತ್ತು ಹೊರಗೆ ತನ್ನಿ. ಬಟ್ ಹಿಂಜಿನ ಬಾಗಿಲಿಗೆ ಹಿಂದೆ ಮುಂದೆ ಸರಿಸುವ ಸ್ಕ್ರೂ ಇಲ್ಲದ್ದರಿಂದ ಮೊನೆಯೊಂದೇ ದಾರಿ. ಪ್ಲೇಟಿಗೆ ತುಕ್ಕು ಬಂದಿದ್ದರೆ ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಎಣ್ಣೆ ಹಚ್ಚಿದರೆ ಧೂಳು ಕೂತು ಮೊನೆಗೆ ಅಂಟುತ್ತದೆ.

ಪುಶ್ ಲ್ಯಾಚ್ ಎಲ್ಲಿ ಬೇಡ ಎಂಬುದನ್ನೂ ಹೇಳಬೇಕು. ಸಿಂಕ್ ಕೆಳಗಿನ ಕಬೋರ್ಡಿನಲ್ಲಿ ನೀರು ಹನಿದು ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಅದೂ ಅಲ್ಲದೆ ಪಾತ್ರೆ ತೊಳೆಯುವವರ ಮೊಣಕಾಲು ತಾಕಿದಾಗಲೆಲ್ಲ ಬಾಗಿಲು ತೆರೆಯುತ್ತದೆ. ಒಲೆಯ ಕೆಳಗೂ ಹಾಗೆಯೇ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ನೆಲಮಟ್ಟದ ಕಬೋರ್ಡಿಗೆ ಪುಶ್ ಲ್ಯಾಚ್ ಹಾಕಿದರೆ, ಮಗು ಆನಿಸಿಕೊಂಡು ಎದ್ದು ನಿಲ್ಲುವ ಕ್ಷಣದಲ್ಲೇ ಬಾಗಿಲು ಹೊರಕ್ಕೆ ದಬ್ಬುತ್ತದೆ. ಈ ಮೂರು ಕಡೆ ಮೇಲಂಚಿಗೆ ಬೆರಳು ಕಚ್ಚು ಕೊಯ್ಯಿಸಿ ರೋಲರ್ ಕ್ಯಾಚ್ ಹಾಕಿಸಿ, ಉಳಿದ ಸಾಲಿನ ಬಾಗಿಲುಗಳನ್ನು ಪುಶ್ ಲ್ಯಾಚಿಗೆ ಬಿಡಿ.